ಹೊಕ್ಕುಳಿಂದ ಬಲಕ್ಕೆ ಇಳಿಯುವ ನೋವು

ಮಧೂರು ದೇವಸ್ಥಾನಕ್ಕೆ ಹೋಗಿ ಬಂದ ರಾತ್ರಿ ಹೊಕ್ಕುಳ ಸುತ್ತ ನೋವು ಶುರುವಾಯಿತು ಅನ್ನಿ. "ಅಪ್ಪ ಜಾಸ್ತಿ ತಿಂದದ್ದು, ಓಮದ ಕಷಾಯ ಕುಡಿ" ಅಂತಾರೆ ಅಜ್ಜಿ. ಪಾಪ, ಪ್ರಸಾದದ ಮೇಲೆ ಅಪವಾದ!

ಕಾರಣ ಅಪೆಂಡಿಕ್ಸ್ ಕೂಡ ಆಗಿರಬಹುದು. ಅದು ಇರುವುದು ಬಲಗಡೆ, ಕೆಳಹೊಟ್ಟೆಯಲ್ಲಿ. ಆದರೆ ಅದರ ನೋವನ್ನು ಒಯ್ಯುವ ನರಗಳು ಬೆನ್ನುಹುರಿ ಸೇರುವುದು ಹೊಕ್ಕುಳ ಭಾಗದ ನರಗಳು ಸೇರುವ ಜಾಗದಲ್ಲೇ. ಹಾಗಾಗಿ ಅದು ಊದಿದಾಗ ಮೆದುಳಿಗೆ ಹೊಕ್ಕುಳೇ ನೋಯುತ್ತಿದೆ ಅನ್ನಿಸುತ್ತದೆ. ಊಟ ಸೇರುವುದಿಲ್ಲ, ವಾಂತಿಯೂ ಬರಬಹುದು.

ಸಾಮಾನ್ಯವಾಗಿ 24 ಗಂಟೆಯೊಳಗೆ ಉರಿಯೂತ ಹೊಟ್ಟೆಯ ಒಳಗೋಡೆಯ ಪೊರೆಗೆ ತಾಗುತ್ತದೆ. ಆ ಪೊರೆಯ ನರಗಳಿಗೆ ಜಾಗ ಸರಿಯಾಗಿ ಗೊತ್ತು. ಬಲ ಸೊಂಟದ ಮೂಳೆಯ ಮುಂತುದಿಯಿಂದ ಹೊಕ್ಕುಳಿಗೆ ಗೆರೆ ಎಳೆಯಿರಿ. ಮೂಳೆಯಿಂದ ಮೂರನೇ ಒಂದು ಭಾಗದಷ್ಟು ದೂರದಲ್ಲಿ ನೋವು ನಿಲ್ಲುತ್ತದೆ. ನ್ಯೂಯಾರ್ಕಿನ ಸರ್ಜನ್ ಮೆಕ್‌ಬರ್ನಿ 1889ರಲ್ಲಿ ವಿವರಿಸಿದ ಜಾಗ ಇದು. ಕೆಮ್ಮಿದರೂ, ಆಟೋ ಹೊಂಡಕ್ಕೆ ಇಳಿದರೂ ಅಲ್ಲೇ ಚುಚ್ಚುತ್ತದೆ.

ಎಲ್ಲರಲ್ಲೂ ನೋವು ಹೀಗೆ ಸರಿಯುವುದಿಲ್ಲ. ಮಕ್ಕಳಲ್ಲಿ, ಗರ್ಭಿಣಿಯರಲ್ಲಿ ಲಕ್ಷಣ ಬೇರೆಯಾಗಬಹುದು. ಸರಿದರಂತೂ ಬೆಳಗಾಗಲಿ ಅಂತ ಕಾಯಬೇಡಿ. ಭೇದಿಮದ್ದು ಬೇಡ, ಏನೂ ತಿನ್ನದೆ ಕಾಸರಗೋಡಿಗೆ ಹೊರಡಿ, ಸರ್ಜನ್ ಇರುವ ಆಸ್ಪತ್ರೆಗೇ. ದಾರಿಯಲ್ಲಿ ನೋವು ತಟ್ಟನೆ ಇಳಿದರೂ ವಾಪಸ್ ಬರಬೇಡಿ: ಅಪೆಂಡಿಕ್ಸ್ ಒಡೆದಾಗಲೂ ಸ್ವಲ್ಪ ಹೊತ್ತು ಹಾಗೇ ಹಗುರಾಗುತ್ತದೆ, ಆಮೇಲೆ ಇಡೀ ಹೊಟ್ಟೆ ನೋಯುತ್ತದೆ.