ದಿರ್ಹಮ್ ದರದ ನಡುವೆ ಡಾಲರ್ ಯಾಕೆ?

ಮಂಗಳೂರು, ಉಡುಪಿ, ಭಟ್ಕಳದ ಕಡೆ ಮನೆಯಲ್ಲೊಬ್ಬರು ದುಬೈಯಲ್ಲಿದ್ದರೆ, ಫೋನಿನಲ್ಲಿ ಕ್ಷೇಮ ಸಮಾಚಾರದ ಜೊತೆ ‘ಇವತ್ತು ರೇಟ್ ಎಷ್ಟು?’ ಎಂಬ ಮಾತೂ ಬರುತ್ತದೆ. ದಿರ್ಹಮ್‌ಗೆ ಇಪ್ಪತ್ತು ಪೈಸೆ ಹೆಚ್ಚಾದರೆ, ದುಬೈಯಲ್ಲಿ ಏನೋ ಆಗಿರಬೇಕು ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಏನೂ ಆಗಿರುವುದಿಲ್ಲ. ಬದಲಾಗಿದ್ದು ಡಾಲರ್ ಮತ್ತು ರೂಪಾಯಿಯ ನಡುವಿನ ದರ.

ಜಗತ್ತಿನ ಹಣದ ಪೇಟೆಯಲ್ಲಿ ಹೆಚ್ಚಿನ ವಹಿವಾಟು ನಡೆಯುವುದು ಡಾಲರ್ ಮೂಲಕ. ರೂಪಾಯಿ ಕೊಟ್ಟು ನೇರವಾಗಿ ದಿರ್ಹಮ್ ಕೊಳ್ಳುವವರಿಗಿಂತ ಡಾಲರ್ ಕೊಳ್ಳುವವರು, ಮಾರುವವರು ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಎರಡೂ ಹಣಕ್ಕೆ ಡಾಲರ್ ಎದುರು ಇರುವ ದರವನ್ನು ತೆಗೆದುಕೊಂಡು, ಅವೆರಡರ ನಡುವಿನ ದರವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಕ್ರಾಸ್ ರೇಟ್ ಎಂದು ಹೆಸರು.

ಉದಾಹರಣೆಗೆ, ಒಂದು ಡಾಲರ್‌ಗೆ 85.05 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಯುಎಇ ತನ್ನ ದಿರ್ಹಮ್ ಅನ್ನು 1997ರಿಂದ ಡಾಲರ್‌ಗೆ 3.6725ರಂತೆ ಕಟ್ಟಿಹಾಕಿದೆ. ಅಂದರೆ 85.05 ರೂಪಾಯಿಗೂ 3.6725 ದಿರ್ಹಮ್‌ಗೂ ಸಿಗುವುದು ಅದೇ ಒಂದು ಡಾಲರ್. ಭಾಗಿಸಿದರೆ ಒಂದು ದಿರ್ಹಮ್‌ಗೆ ಸುಮಾರು 23.16 ರೂಪಾಯಿ ಬರುತ್ತದೆ. ಕೆಳಗಿನ ಸಂಖ್ಯೆ ಕದಲದ ಕಾರಣ, ಡಾಲರ್ ರೂಪಾಯಿ ಎದುರು ಶೇ 1ರಷ್ಟು ಏರಿದರೆ ದಿರ್ಹಮ್ ಕೂಡ ಶೇ 1ರಷ್ಟೇ ಏರುತ್ತದೆ.

ಭಾಗಿಸಬೇಕೋ ಗುಣಿಸಬೇಕೋ ಎಂಬ ಗೊಂದಲ ಬರುವುದು ಯೂರೊ ಲೆಕ್ಕದಲ್ಲಿ. ರೂಪಾಯಿ, ದಿರ್ಹಮ್, ಯೆನ್‌ಗಳನ್ನು ‘ಒಂದು ಡಾಲರ್‌ಗೆ ಇಷ್ಟು’ ಎಂದು ಹೇಳುತ್ತಾರೆ. ಯೂರೊ ಮತ್ತು ಪೌಂಡ್ ತಿರುವುಮುರುವು. ‘ಒಂದು ಯೂರೊಗೆ ಇಷ್ಟು ಡಾಲರ್’. ಯೂರೊಗೆ 1.08 ಡಾಲರ್ ಇದ್ದರೆ, 85.05ರಿಂದ ಗುಣಿಸಬೇಕು, ಸುಮಾರು 91.85 ರೂಪಾಯಿ. ಉತ್ತರ ಸರಿಯೇ ಎಂದು ತಿಳಿಯುವುದು ಕಷ್ಟವಲ್ಲ. ದಿರ್ಹಮ್ ಡಾಲರ್‌ಗಿಂತ ಚಿಕ್ಕದು, ಆದ್ದರಿಂದ ಅದರ ಬೆಲೆ 85 ರೂಪಾಯಿಗಿಂತ ಕಡಿಮೆಯೇ ಇರಬೇಕು. ಭಾಗಿಸುವ ಬದಲು ಗುಣಿಸಿದವರಿಗೆ ಒಂದು ದಿರ್ಹಮ್‌ಗೆ 312 ರೂಪಾಯಿ ಸಿಗುತ್ತದೆ! ತಪ್ಪು ಅಲ್ಲೇ ಎದ್ದು ಕಾಣುತ್ತದೆ.

ಇಲ್ಲಿಯವರೆಗಿನದು ನಡುವಿನ ದರ. ನಿಜವಾದ ವ್ಯಾಪಾರದಲ್ಲಿ ಕೊಳ್ಳುವ ದರ ಬೇರೆ, ಮಾರುವ ದರ ಬೇರೆ. ಬ್ಯಾಂಕ್ ಒಂದು ಡಾಲರನ್ನು 85.00 ರೂಪಾಯಿಗೆ ಕೊಂಡು 85.10ಕ್ಕೆ ಮಾರುತ್ತದೆ, ದಿರ್ಹಮ್ ಲೆಕ್ಕದಲ್ಲಿ 3.6720ಕ್ಕೆ ಕೊಂಡು 3.6730ಕ್ಕೆ ಮಾರುತ್ತದೆ ಎನ್ನೋಣ. ದುಬೈಯಿಂದ ಹಣ ಕಳಿಸುವವರು ಮೊದಲು ದಿರ್ಹಮ್ ಕೊಟ್ಟು ಡಾಲರ್ ಕೊಂಡಂತೆ. ಅವರಿಗೆ ದುಬಾರಿ ದರ 3.6730 ಅನ್ವಯಿಸುತ್ತದೆ. ಆಮೇಲೆ ಆ ಡಾಲರ್ ಮಾರಿ ರೂಪಾಯಿ ಪಡೆದಂತೆ. ಅಲ್ಲಿ ಕಡಿಮೆ ದರ 85.00 ಅನ್ವಯಿಸುತ್ತದೆ. 85.00 ÷ 3.6730 ಎಂದರೆ 23.14 ರೂಪಾಯಿ. ಇಲ್ಲಿಂದ ದಿರ್ಹಮ್ ಕೊಳ್ಳುವವರಿಗೆ 85.10 ÷ 3.6720, ಅಂದರೆ 23.18 ರೂಪಾಯಿ. ಎರಡು ಹೆಜ್ಜೆ, ಎರಡರಲ್ಲೂ ಗ್ರಾಹಕರಿಗೆ ನಷ್ಟದ ಬದಿಯ ದರ. ಎರಡೂ ಕಡೆ ಎಡಗಡೆಯ ಸಂಖ್ಯೆಯನ್ನೇ ಹಿಡಿದು ಭಾಗಿಸಿದರೆ ಲೆಕ್ಕ ತಪ್ಪುತ್ತದೆ.

ಈ 23.14 ನಮ್ಮ ಕೈಯಲ್ಲಿರುವ ಅಳತೆಗೋಲು. ಒಂದು ಅಂಗಡಿಯವರು ‘ಶುಲ್ಕವೇ ಇಲ್ಲ’ ಎಂದು ಹೇಳಿ 22.90 ದರ ಕೊಡುತ್ತಾರೆ ಎಂದುಕೊಳ್ಳಿ. 2,000 ದಿರ್ಹಮ್‌ಗೆ ಊರಿಗೆ ಬರುವುದು 45,800 ರೂಪಾಯಿ. 23.14ರ ಲೆಕ್ಕದಲ್ಲಿ 46,280 ಬರಬೇಕಿತ್ತು. 480 ರೂಪಾಯಿ, ಅಂದರೆ 20 ದಿರ್ಹಮ್‌ಗೂ ಹೆಚ್ಚು, ದರದೊಳಗೆ ಅಡಗಿ ಕೂತಿದೆ. ಪಕ್ಕದ ಅಂಗಡಿಯವರು 15 ದಿರ್ಹಮ್ ಶುಲ್ಕ ಕೇಳಿ 23.10 ದರ ಕೊಟ್ಟರೆ, 1,985 ದಿರ್ಹಮ್‌ಗೆ 45,853 ರೂಪಾಯಿ ಬರುತ್ತದೆ. ಶುಲ್ಕ ಕೇಳಿದವರೇ ಅಗ್ಗವಾದರು!

ಹಣ ಕಳಿಸುವ ಅಂಗಡಿಗೂ ಖರ್ಚಿದೆ, ಲಾಭ ಬೇಕು, ಆದ್ದರಿಂದ 23.14 ಪೂರ್ತಿ ಯಾರೂ ಕೊಡಲಾರರು. ಹೋಲಿಸುವಾಗ ಎರಡೂ ದರ ಒಂದೇ ಹೊತ್ತಿನದಾಗಿರಬೇಕು ಎಂಬುದನ್ನೂ ಮರೆಯಬಾರದು. ಬೆಳಗಿನ ಡಾಲರ್ ದರ ಹಿಡಿದು ಸಂಜೆಯ ದಿರ್ಹಮ್ ದರವನ್ನು ಅಳೆದರೆ, ಕಾಣುವ ವ್ಯತ್ಯಾಸ ಅಂಗಡಿಯವರದ್ದೋ ಪೇಟೆಯದ್ದೋ ತಿಳಿಯುವುದಿಲ್ಲ.

ಜಪಾನಿನ ಯೆನ್‌ಗೆ ಇಂಥ ಕಟ್ಟು ಇಲ್ಲ, ಅಲ್ಲಿ ಎರಡೂ ಸಂಖ್ಯೆ ಓಡಾಡುತ್ತವೆ. ಡಾಲರ್ 85 ರೂಪಾಯಿ, 150 ಯೆನ್ ಇದ್ದಾಗ 100 ಯೆನ್‌ಗೆ 56.67 ರೂಪಾಯಿ. ಡಾಲರ್ 86 ರೂಪಾಯಿಗೂ 156 ಯೆನ್‌ಗೂ ಏರಿದರೆ 100 ಯೆನ್‌ಗೆ 55.13 ರೂಪಾಯಿ. ‘ರೂಪಾಯಿ ಕುಸಿತ’ ಎಂಬ ಸುದ್ದಿ ಬಂದ ದಿನವೇ ಯೆನ್ ಎದುರು ರೂಪಾಯಿ ಬಲಗೊಂಡಿರುತ್ತದೆ. ಸುದ್ದಿ ಹೇಳಿದ್ದು ಡಾಲರಿನ ಮಾತು. ಉಳಿದ ಹಣದ ಕಥೆ ತಿಳಿಯಲು ಇನ್ನೊಂದು ಭಾಗಾಕಾರ ಮಾಡಲೇಬೇಕು.