ಕಪ್ಪಿನ ಮೇಲೆ ಬೂದಿ: ಡಾರ್ಕ್ ಮೋಡ್ ಸ್ಕ್ರೀನ್‌ಶಾಟ್‌ನಲ್ಲಿ ಕಣ್ಣು ತಪ್ಪಿಸುವ ಸಾಲುಗಳು

ಲ್ಯಾಬ್ ಹಿಂದಿನ ರಾತ್ರಿ ಕ್ಲಾಸ್ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಬರುತ್ತೆ. ಕಪ್ಪು ಹಿನ್ನೆಲೆ, ಬಿಳಿ ಕೋಡ್, ನಡುವೆ ಅಲ್ಲಲ್ಲಿ ಮಸುಕು ಬೂದು ಬಣ್ಣದ ಕಾಮೆಂಟ್. ನಾವೆಲ್ಲ ಬಿಳಿ ಸಾಲುಗಳನ್ನು ನೋಡಿ ಟೈಪ್ ಮಾಡಿಕೊಳ್ತೀವಿ, ಬೂದು ಸಾಲು ಹಾಗೇ ಉಳಿದುಬಿಡುತ್ತೆ. ಎಡಿಟರ್ ಥೀಮ್ ಮಾಡುವವರು ಕಾಮೆಂಟ್ ಅಂದರೆ ಮುಖ್ಯವಲ್ಲದ ಮಾತು ಅಂದುಕೊಂಡು ಅದನ್ನು ಮಂಕು ಮಾಡಿರ್ತಾರೆ. ಆದರೆ ಕೋಡ್ ಬರೆದವರು ಎಚ್ಚರಿಕೆಯನ್ನು ಬರೆಯುವುದು ಅಲ್ಲೇ.

ಒಂದು ಉದಾಹರಣೆ ತಗೊಳ್ಳೋಣ. ಇಎಸ್‌ಪಿ32 ಬೋರ್ಡಿಗೆ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಜೋಡಿಸುವ ಕೋಡ್ ಇದು:

```
const int TRIG = 5;
const int ECHO = 18;
// ECHO is 5V! use 1k + 2k divider
void setup() {
```

ಮೂರನೇ ಸಾಲನ್ನು ಬಿಟ್ಟರೂ ಕೋಡ್ ಕಂಪೈಲ್ ಆಗುತ್ತೆ, ಯಾವ ಎರರ್ ಕೂಡ ಬರಲ್ಲ. ಆದರೆ 5 ವೋಲ್ಟ್‌ನಲ್ಲಿ ನಡೆಯುವ ಆ ಸೆನ್ಸರ್ ಎಕೋ ಪಿನ್ನಿನಿಂದ ಕೊಡೋದೂ 5 ವೋಲ್ಟೇ. ಇಎಸ್‌ಪಿ32 ಪಿನ್ನು ಇರೋದು 3.3 ವೋಲ್ಟ್‌ಗೆ. ಎಕೋ ಮತ್ತು ಪಿನ್ನಿನ ನಡುವೆ 1 ಕಿಲೋಓಮ್, ಪಿನ್ನಿನಿಂದ ಗ್ರೌಂಡಿಗೆ 2 ಕಿಲೋಓಮ್ ಹಾಕಿದರೆ 5ರಲ್ಲಿ ಮೂರನೇ ಎರಡು ಭಾಗ, ಅಂದರೆ ಸುಮಾರು 3.3 ವೋಲ್ಟ್ ಮಾತ್ರ ಪಿನ್ನಿಗೆ ಸಿಗುತ್ತೆ. ಈ ಮಾತು ಇರೋದು ಕಾಣದ ಸಾಲಿನಲ್ಲಿ ಮಾತ್ರ.

ಎಷ್ಟು ಮಸುಕು?

ಆ ಕಾಮೆಂಟ್ ಬಣ್ಣ #555555, ಹಿನ್ನೆಲೆ #000000 ಅಂತ ಇಟ್ಟುಕೊಳ್ಳೋಣ. ಹೆಕ್ಸ್ 55 ಅಂದರೆ 85, ಅದು 255ರಲ್ಲಿ ಮೂರನೇ ಒಂದು ಭಾಗ. ಹಾಗಾಗಿ ಬಿಳಿಯ ಮೂರನೇ ಒಂದು ಭಾಗದಷ್ಟು ಬೆಳಕು ಬರಬೇಕಲ್ಲ ಅನ್ಸುತ್ತೆ. ಆದರೆ ಪಿಕ್ಸೆಲ್ ಬೆಲೆಗೂ ಬೆಳಕಿಗೂ ನೇರ ಅನುಪಾತ ಇಲ್ಲ, ನಡುವೆ ಗಾಮಾ ಅನ್ನೋ ವಕ್ರರೇಖೆ ಇದೆ. ನಿಜವಾಗಿ ಹೊರಬರುವ ಬೆಳಕು ಬಿಳಿಯ ಶೇ. 9ರಷ್ಟು ಮಾತ್ರ.

ವೆಬ್ ಪುಟಗಳ ಓದುವಿಕೆಗೆ ಬಳಸುವ ಡಬ್ಲ್ಯುಸಿಎಜಿ ಮಾನದಂಡದಲ್ಲಿ ಕಾಂಟ್ರಾಸ್ಟ್ ಲೆಕ್ಕ ಹೀಗಿದೆ. `L1` ಹೆಚ್ಚು ಬೆಳಕಿನದು, `L2` ಕಡಿಮೆಯದು:

```
(L1 + 0.05) / (L2 + 0.05)
```

ಶುದ್ಧ ಕಪ್ಪಿನ ಮೇಲೆ ಶುದ್ಧ ಬಿಳಿಗೆ 21 ಬರುತ್ತೆ. ನಮ್ಮ ಬೂದು ಸಾಲಿಗೆ ಬರೋದು 2.8. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅದೇ ಮಾನದಂಡ ಕೇಳುವ ಕನಿಷ್ಠ 4.5.

ಸೂತ್ರದಲ್ಲಿರುವ 0.05 ಪರದೆಯ ಮೇಲೆ ಬಿದ್ದು ವಾಪಸ್ ಬರುವ ಸುತ್ತಲ ಬೆಳಕಿನ ಲೆಕ್ಕ. ಕಾರಿಡಾರಿನ ಬಿಸಿಲಲ್ಲಿ ನಿಂತು ಮೊಬೈಲ್ ನೋಡಿದರೆ ಅದು ಹತ್ತು ಪಟ್ಟು, ಅಂದರೆ 0.5 ಆಯಿತು ಅಂದುಕೊಳ್ಳಿ. ಆಗ ಬಿಳಿ ಸಾಲಿನ ಕಾಂಟ್ರಾಸ್ಟ್ 3ಕ್ಕೆ ಇಳಿಯುತ್ತೆ, ಆದರೂ ಓದಬಹುದು. ಬೂದು ಸಾಲಿನದು 1.2ಕ್ಕೆ ಬಂದು ನಿಲ್ಲುತ್ತೆ. 1 ಅಂದರೆ ಅಕ್ಷರವೂ ಹಿನ್ನೆಲೆಯೂ ಒಂದೇ. ಹಾಗಾಗಿ ಮೊದಲ ಕೆಲಸ ನೆರಳಿಗೆ ಹೋಗಿ ಬ್ರೈಟ್‌ನೆಸ್ ಪೂರ್ತಿ ಏರಿಸೋದು.

ಬಣ್ಣ ತಿರುಗಿಸಿದರೆ ಸಾಕಾ?

ಇಲ್ಲ. ಬಹಳ ಜನ ಮಾಡೋದು ಇದನ್ನೇ: ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ನೋಡೋದು. ಆಗ #555555 ಹೋಗಿ ಬಿಳಿಯ ಮೇಲೆ #AAAAAA ಆಗುತ್ತೆ. ಲೆಕ್ಕ ಹಾಕಿದರೆ ಕಾಂಟ್ರಾಸ್ಟ್ 2.3. ಅಂದರೆ ಸಂಖ್ಯೆಯಲ್ಲಿ ಮೊದಲಿಗಿಂತಲೂ ಕಡಿಮೆ. ತಿರುಗಿಸುವುದಕ್ಕೆ ಮುಂಚೆ ಹಿಗ್ಗಿಸಬೇಕು.

ಹಿಗ್ಗಿಸೋದು ಅಂದರೆ ಹಿನ್ನೆಲೆಯ ಬೆಲೆಯನ್ನು 0ಗೆ, ಮಸುಕು ಅಕ್ಷರದ ಬೆಲೆಯನ್ನು ಪೂರ್ತಿ ಬಿಳಿಯ ಹತ್ತಿರಕ್ಕೆ ಎಳೆಯೋದು. ಲ್ಯಾಪ್‌ಟಾಪಿನಲ್ಲಿ ಇಮೇಜ್‌ಮ್ಯಾಜಿಕ್ ಇದ್ದರೆ ಒಂದೇ ಸಾಲು:

```
magick shot.png -colorspace Gray -level 5%,35% -negate out.png
```

ಶೇ. 5ಕ್ಕಿಂತ ಕೆಳಗಿರೋದೆಲ್ಲ ಕಪ್ಪು, ಶೇ. 35ಕ್ಕಿಂತ ಮೇಲಿರೋದೆಲ್ಲ ಬಿಳಿ. ನಮ್ಮ ಬೂದು ಇರೋದು ಶೇ. 33ರಲ್ಲಿ, ಹಾಗಾಗಿ ಅದು ಶೇ. 94ಕ್ಕೆ ಹಾರುತ್ತೆ. ಕೊನೆಯ `-negate` ಎಲ್ಲವನ್ನೂ ತಿರುಗಿಸುತ್ತೆ. ಫಲಿತಾಂಶ: ಬಿಳಿ ಹಾಳೆಯ ಮೇಲೆ ಎಲ್ಲ ಸಾಲೂ ಕಪ್ಪು. ಎಡಿಟರ್ ಹಿನ್ನೆಲೆ ಶುದ್ಧ ಕಪ್ಪಲ್ಲದೆ #1E1E1E ಆಗಿದ್ದರೆ ಅದರ ಬೆಲೆ ಸುಮಾರು ಶೇ. 12. ಆಗ 5% ಜಾಗದಲ್ಲಿ 12% ಹಾಕಿ, ಇಲ್ಲದಿದ್ದರೆ ಹಿನ್ನೆಲೆಯೂ ಮೇಲೆದ್ದು ಬರುತ್ತೆ.

ಮೊಬೈಲ್‌ನಲ್ಲಿ ಗ್ಯಾಲರಿಯ ಎಡಿಟ್‌ಗೆ ಹೋಗಿ ಎಕ್ಸ್‌ಪೋಷರ್ ಏರಿಸಿ. ಎಕ್ಸ್‌ಪೋಷರ್ ಹೆಚ್ಚುಕಡಿಮೆ ಗುಣಾಕಾರದ ಹಾಗೆ ಕೆಲಸ ಮಾಡುತ್ತೆ. ಬೆಳಕನ್ನು 4ರಿಂದ ಗುಣಿಸಿದರೆ ಬೂದು ಸಾಲು ಶೇ. 9ರಿಂದ 36ಕ್ಕೆ ಏರುತ್ತೆ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಆದ್ದರಿಂದ ಕಪ್ಪು ಕಪ್ಪಾಗೇ ಉಳಿಯುತ್ತೆ. ಕಾಂಟ್ರಾಸ್ಟ್ 2.8ರಿಂದ 8ರ ಮೇಲಕ್ಕೆ ಹೋಗುತ್ತೆ. ಬಿಳಿ ಅಕ್ಷರ ಸ್ವಲ್ಪ ಉಬ್ಬಿದ ಹಾಗೆ ಕಂಡರೂ ಪರವಾಗಿಲ್ಲ, ಅವನ್ನು ಮೊದಲೇ ಓದಿ ಆಗಿದೆ.

ತಪ್ಪಿಸಿಕೊಂಡದ್ದು ಗೊತ್ತಾಗೋದು ಹೇಗೆ?

ಕಾಣದ ಸಾಲು ಇದೆ ಅಂತಾನೇ ಗೊತ್ತಿಲ್ಲದಿದ್ದರೆ ಹಿಗ್ಗಿಸುವ ಯೋಚನೆಯೇ ಬರಲ್ಲ. ಅದಕ್ಕೆ ಎಣಿಕೆ ಬೇಕು. ಎಡಿಟರಿನಲ್ಲೂ ಟರ್ಮಿನಲ್‌ನಲ್ಲೂ ಸಾಲುಗಳ ಅಂತರ ಒಂದೇ ಸಮ ಇರುತ್ತೆ. ಸಾಲಿನಿಂದ ಸಾಲಿಗೆ 24 ಪಿಕ್ಸೆಲ್ ಇರುವ ಕಡೆ ಒಂದು ಜಾಗದಲ್ಲಿ 48 ಬಂದರೆ ಅಲ್ಲಿ ಒಂದು ಸಾಲು ಕೂತಿದೆ. ಅದು ನಿಜವಾಗಿ ಖಾಲಿ ಇರಬಹುದು, ಮಸುಕಾಗಿಯೂ ಇರಬಹುದು. ಎಡಗಡೆ ಲೈನ್ ನಂಬರ್ ಇದ್ದರೆ ಇನ್ನೂ ಸುಲಭ: ಕಡೆಯ ನಂಬರಿನಿಂದ ಮೊದಲನೆಯದನ್ನು ಕಳೆದು 1 ಕೂಡಿಸಿ, ನೀವು ಬರೆದುಕೊಂಡ ಸಾಲುಗಳ ಜೊತೆ ಹೋಲಿಸಿ. ವ್ಯತ್ಯಾಸ ಬಂದ ಪ್ರತಿ ಕಪ್ಪು ಪಟ್ಟಿಯನ್ನೂ ಹಿಗ್ಗಿಸಿ ನೋಡಿದ ಮೇಲೇ ಖಾಲಿ ಅಂತ ಒಪ್ಪಿಕೊಳ್ಳಿ.

ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್ ಬಳಸಿದರೂ ಇದೇ ಎಚ್ಚರ ಬೇಕು. ಟೆಸರಾಕ್ಟ್‌ನಂಥ ತಂತ್ರಾಂಶ ಮೊದಲು ಚಿತ್ರವನ್ನು ಬರೀ ಕಪ್ಪು-ಬಿಳುಪು ಮಾಡಿಕೊಳ್ಳುತ್ತೆ. ಅದಕ್ಕೆ ಆರಿಸಿಕೊಂಡ ಗಡಿಗಿಂತ ಬೂದು ಸಾಲು ಕೆಳಗಿದ್ದರೆ ಅದು ಹಿನ್ನೆಲೆಯ ಜೊತೆ ಸೇರಿಹೋಗುತ್ತೆ, ಔಟ್‌ಪುಟ್‌ನಲ್ಲಿ ಅದರ ಸುಳಿವೂ ಇರಲ್ಲ. ಹಿಗ್ಗಿಸಿ ತಿರುಗಿಸಿದ `out.png` ಅನ್ನೇ ಅದಕ್ಕೆ ಕೊಡಿ.

ಎಲ್ಲಿ ಕೈ ಚೆಲ್ಲಬೇಕು

ಎರಡು ಕಡೆ ಈ ಉಪಾಯ ನಡೆಯಲ್ಲ. ಮೊದಲನೆಯದು ಫೋಟೋ ಆಗಿ ಕಳಿಸಿದಾಗ ಆಗುವ ಜೆಪೆಗ್ ಕುಗ್ಗಿಸುವಿಕೆ. ಜೆಪೆಗ್ 8×8 ಪಿಕ್ಸೆಲ್ ಚೌಕಗಳಲ್ಲಿ ಸಣ್ಣ ಏರಿಳಿತಗಳನ್ನು ಸೊನ್ನೆಗೆ ಇಳಿಸಿ ಜಾಗ ಉಳಿಸುತ್ತೆ. ಬಿಳಿ ಅಕ್ಷರದ ಏರಿಳಿತ ದೊಡ್ಡದು, ಉಳಿದುಕೊಳ್ಳುತ್ತೆ. ಬೂದು ಅಕ್ಷರದ್ದು ಚಿಕ್ಕದು, ಮೊದಲು ಸವೆಯೋದು ಅದೇ. ಹಿಗ್ಗಿಸಿದಾಗ ಅಕ್ಷರದ ಬದಲು ಚೌಕ ಚೌಕದ ಕಲೆ ಕಂಡರೆ ಇದೇ ಕಾರಣ. ಮೂಲ ಪಿಎನ್‌ಜಿಯನ್ನು ಡಾಕ್ಯುಮೆಂಟ್ ಆಗಿ ಕಳಿಸೋಕೆ ಕೇಳಿ.

ಎರಡನೆಯದು, ಅಕ್ಷರವೂ ಹಿನ್ನೆಲೆಯೂ ಒಂದೇ ಬಣ್ಣ ಆದಾಗ. ಸೋಲರೈಸ್ಡ್ ಡಾರ್ಕ್ ಥೀಮಿನ ಮೂಲ ಪಟ್ಟಿಯಲ್ಲಿ ಟರ್ಮಿನಲ್‌ನ "ಬ್ರೈಟ್ ಬ್ಲ್ಯಾಕ್" ಬಣ್ಣ #002b36. ಅದರ ಹಿನ್ನೆಲೆಯೂ #002b36! ಯಾವುದಾದರೂ ಪ್ರೋಗ್ರಾಂ ಆ ಬಣ್ಣದಲ್ಲಿ ಬರೆದರೆ ಕಾಂಟ್ರಾಸ್ಟ್ ಸರಿಯಾಗಿ 1. ಚಿತ್ರದಲ್ಲಿ ಹಿಗ್ಗಿಸೋಕೆ ಏನೂ ಉಳಿದಿರಲ್ಲ. ಆಗ ಸಾಲಿನ ಅಂತರ ಮಾತ್ರ ಸುಳಿವು ಕೊಡುತ್ತೆ, ಮಾತನ್ನು ಕಳಿಸಿದವರ ಹತ್ತಿರಾನೇ ಕೇಳಬೇಕು. ಅವರ ಟರ್ಮಿನಲ್‌ನಲ್ಲಿ ಮೌಸ್‌ನಿಂದ ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಕಾಣದ ಅಕ್ಷರವೂ ಬರುತ್ತೆ. ಅದನ್ನು ಟೆಕ್ಸ್ಟ್ ಆಗಿಯೇ ಕಳಿಸಲಿ.