ಎರಡನೇ ಮಾತು ಯಾರದು?

‘ನಿಮ್ಮಪ್ಪ ಕಳ್ಳನಾ? ನಕ್ಷತ್ರ ಕದ್ದು ನಿಮ್ಮ ಕಣ್ಣಲ್ಲಿ ಇಟ್ಟಿದ್ದಾರಲ್ಲ!’ ಕಾಳು ಹಾಕುವವರ ಬಾಯಲ್ಲಿ ಸವೆದ ಡೈಲಾಗು ಇದು. ಹಳತು ಅನ್ನುವುದಕ್ಕಿಂತ ದೊಡ್ಡ ತೊಂದರೆ ಇದಕ್ಕಿದೆ. ಆಕೆ ‘ಇಲ್ಲಪ್ಪ, ಅವರು ಎಲ್‌ಐಸಿ ಏಜೆಂಟು’ ಅಂದುಬಿಟ್ಟರೆ ಮುಂದೇನು? ಎರಡನೇ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಅಲ್ಲಿಯವರೆಗೆ ರಸಿಕನಾಗಿದ್ದವನು ತಟ್ಟನೆ ತೊದಲುತ್ತಾನೆ, ಸಾಲ ತಂದ ಮಾತು ಅಂತ ಅಲ್ಲೇ ಗೊತ್ತಾಗುತ್ತದೆ.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪರಿಚಯವಿಲ್ಲದ ಹುಡುಗ–ಹುಡುಗಿಯರ 51 ಜೋಡಿಗಳನ್ನು ಮಾತಿಗೆ ಕೂರಿಸಿದ್ದರು. ಹುಡುಗ ಜೋಕು ಹೇಳಿ ಹುಡುಗಿ ನಕ್ಕಾಗಲೂ ಆಕೆಯಲ್ಲಿ ಆಸಕ್ತಿ ಕಂಡಿತು. ಆದರೆ ಇಬ್ಬರೂ ಒಟ್ಟಿಗೆ ನಕ್ಕ ಕಡೆ ಅದು ಇನ್ನೂ ಹೆಚ್ಚಿತ್ತು.

ಒಟ್ಟಿಗೆ ನಗಬೇಕಾದರೆ ನಿಮ್ಮ ತಮಾಷೆ ಯಾವ ಜಾತಿಯದು ಅಂತ ನಿಮಗೆ ತಿಳಿದಿರಬೇಕು. ಅದನ್ನು ಹುಡುಕಲು ಒಳ್ಳೆಯ ಜಾಗ ಗೆಳೆಯರ ಜೊತೆಗಿನ ಹಳೆಯ ವಾಟ್ಸ್‌ಆ್ಯಪ್ ಮಾತುಕತೆ. ಫಾರ್ವರ್ಡ್ ಮಾಡಿದ್ದನ್ನೆಲ್ಲ ಬಿಟ್ಟು, ನೀವೇ ಬರೆದ ಯಾವ ಸಾಲಿಗೆ ಅವರು ನಕ್ಕಿದ್ದಾರೆ ನೋಡಿ. ಒಬ್ಬ ಹುಡುಗ ಹೀಗೆ ಹುಡುಕಿದ ಅಂದುಕೊಳ್ಳಿ. ‘ಊಟ ಆಯ್ತಾ?’ ಅಂತ ಗೆಳೆಯ ಕೇಳಿದ್ದಕ್ಕೆ ಅವನು, ‘ಮೆಸ್ಸಿನಲ್ಲಿ ಸಂಭವಿಸಿದ ಚಿತ್ರಾನ್ನ ದುರಂತದಲ್ಲಿ ಬದುಕುಳಿದವನು ನಾನೊಬ್ಬನೇ’ ಅಂತ ಬರೆದಿದ್ದಾನೆ. ಇನ್ನೊಂದು ಕಡೆ ಮನೆ ಓನರ್ ಭೇಟಿಯನ್ನು ವಿದೇಶಾಂಗ ಸಚಿವರ ಪ್ರವಾಸದಂತೆ ವರ್ಣಿಸಿದ್ದಾನೆ. ಚಿಲ್ಲರೆ ಸಂಗತಿಯನ್ನು ವಾರ್ತೆ ಓದುವ ಗಾಂಭೀರ್ಯದಲ್ಲಿ ಹೇಳುವುದು ಇವನ ಜಾಯಮಾನ. ಶಾಯರಿ ಇವನಿಗೆ ಒಗ್ಗುವುದಿಲ್ಲ, ಬಿಡಿ.

ಇದೇ ಹುಡುಗ ಮದುವೆಯೊಂದರ ಪಂಕ್ತಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಇಷ್ಟವಾದ ಹುಡುಗಿ. ಕಣ್ಣು, ನಕ್ಷತ್ರ ಏನೂ ಬೇಡ, ಇಬ್ಬರೂ ನೋಡುತ್ತಿರುವುದು ಬಡಿಸುವವರನ್ನೇ. ‘ಪಾಯಸದ ಬಕೆಟ್ಟು ಮೂರನೇ ಸಾಲಿನಲ್ಲಿ ಕೇಂದ್ರೀಕೃತವಾಗಿದ್ದು, ಸಂಜೆಯೊಳಗೆ ನಮ್ಮ ಕಡೆ ಚದುರಿದಂತೆ ಬೀಳುವ ಸಾಧ್ಯತೆ ಇದೆ,’ ಅಂತಾನೆ. ಆಕೆ ಬರೀ ನಕ್ಕು ಎಲೆಯ ಕಡೆ ತಿರುಗಿದರೆ ಅದು ಮರ್ಯಾದೆಯ ನಗು. ‘ಒಬ್ಬಟ್ಟಿನ ಮುನ್ಸೂಚನೆ ಏನ್ರೀ?’ ಅಂದರೆ ಆಟಕ್ಕೆ ಆಕೆಯೂ ಇಳಿದಳು. ‘ಕರಾವಳಿಯಲ್ಲಿ ಮಾತ್ರ’ ಅನ್ನಲು ಅವನು ತಡವರಿಸಬೇಕಿಲ್ಲ, ಏಕೆಂದರೆ ಎರಡನೇ ಮಾತೂ ಅವನದೇ. ನಗು ವಾಪಸ್ ಬರದಿದ್ದರೆ ‘ನೀವು ಹುಡುಗಿ ಕಡೆಯವರಾ?’ ಅಂತ ಸಾದಾ ಮಾತಾಡಬಹುದು. ಅದಕ್ಕೂ ಒಂದೇ ಪದದ ಉತ್ತರ ಬಂದರೆ ಸುಮ್ಮನೆ ಊಟ ಮಾಡಬೇಕು.

ಗೆಳೆಯರ ಗುಂಪಿನ ಎಲ್ಲವೂ ಇಲ್ಲಿ ನಡೆಯುವುದಿಲ್ಲ. ಕಾಲೆಳೆಯುವುದೇ ನಿಮ್ಮ ಶೈಲಿಯಾಗಿದ್ದರೆ ಎಚ್ಚರ: ಗೆಳೆಯ ಬೈಗುಳ ಸಹಿಸುವುದು ಹತ್ತು ವರ್ಷದ ಸಲುಗೆಯಿಂದ, ಹೊಸಬರಲ್ಲಿ ಅದಿಲ್ಲ. ಮೊದಲ ದಿನ ನಿಮ್ಮ ಕಾಲನ್ನೋ, ಪಾಯಸದ ಕಾಲನ್ನೋ ಎಳೆಯಿರಿ. ನಿಮ್ಮ ಕಾಲನ್ನೂ ಅತಿಯಾಗಿ ಎಳೆದರೆ ಆಕೆ ಸಮಾಧಾನ ಹೇಳಲು ಶುರುಮಾಡುತ್ತಾಳೆ. ಇನ್ನು ಆ ಹವಾಮಾನ ವರದಿಯನ್ನು ಅವನು ಮುಂದಿನ ಮದುವೆಯಲ್ಲೂ ಹಾಗ್ಹಾಗೇ ಒಪ್ಪಿಸಿದನೋ, ಅದೂ ನಕ್ಷತ್ರ ಕದ್ದ ಅಪ್ಪನ ಪಕ್ಕದಲ್ಲೇ ಹೋಗಿ ಕೂರುತ್ತದೆ.